ಬೆಂಜೀನ್ ಅಷ್ಟೊಂದು ಗಟ್ಟಿ ಏಕೆ?

(ಹಳೇಕೋಟೆಯಲ್ಲಿ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)



ಹೊಳೆನರಸೀಪುರದ ಬಂಕಿನಲ್ಲಿ ನೀವು ಬೈಕಿಗೆ ಹಾಕಿಸುವ ಪೆಟ್ರೋಲಿನಲ್ಲೂ ಅಲ್ಪಸ್ವಲ್ಪ ಬೆಂಜೀನ್ ಇರುತ್ತದೆ. ಅದರ ಚಿತ್ರ ನಿಮಗೆ ಗೊತ್ತು: ಆರು ಕಾರ್ಬನ್‌ಗಳ ಉಂಗುರ, ಒಂದು ಬಿಟ್ಟು ಒಂದರಂತೆ ಮೂರು ದ್ವಿಬಂಧ. 1865ರಲ್ಲಿ ಕೆಕುಲೆ ಸೂಚಿಸಿದ ಉಂಗುರದಿಂದ ಬಂದ ಚಿತ್ರವಿದು. ಈ ಚಿತ್ರವನ್ನು ನಂಬಬಹುದೇ ಎಂದು ಶಾಖವನ್ನು ಅಳೆದು ನೋಡೋಣ.

ದ್ವಿಬಂಧಕ್ಕೆ ಹೈಡ್ರೋಜನ್ ಸೇರಿದಾಗ ಶಾಖ ಹೊರಬರುತ್ತದೆ. ಒಂದೇ ದ್ವಿಬಂಧವಿರುವ ಸೈಕ್ಲೋಹೆಕ್ಸೀನ್ ಒಂದು ಮೋಲ್‌ಗೆ ಸುಮಾರು 120 ಕಿಲೋಜೂಲ್ ಕೊಡುತ್ತದೆ. ಹಾಗಾದರೆ ಮೂರು ದ್ವಿಬಂಧಗಳ ಬೆಂಜೀನ್ 360 ಕೊಡಬೇಕಿತ್ತು. 1936ರಲ್ಲಿ ಹಾರ್ವರ್ಡ್‌ನ ಕಿಸ್ಟಿಯಾಕೋವ್‌ಸ್ಕಿ ಮತ್ತು ಸಂಗಡಿಗರು ಅಳೆದಾಗ ಸಿಕ್ಕಿದ್ದು ಸುಮಾರು 208 ಮಾತ್ರ. ಎರಡು ಕಡೆಯೂ ಕೊನೆಗೆ ಆಗುವುದು ಅದೇ ಸೈಕ್ಲೋಹೆಕ್ಸೇನ್. ಆದ್ದರಿಂದ ಕಡಿಮೆ ಬಂದ 152 ಕಿಲೋಜೂಲ್‌ನಷ್ಟು ಬೆಂಜೀನ್ ಮೊದಲೇ ಕೆಳಗಿನ ಶಕ್ತಿಮಟ್ಟದಲ್ಲಿತ್ತು ಎಂದರ್ಥ.

ಪರೀಕ್ಷೆಗೆ ಬರೆಯಲು ಇಷ್ಟು ಸಾಕು. ಆದರೆ ನನಗೆ ಹೆಚ್ಚು ಹಿಡಿಸುವುದು ಇನ್ನೊಂದು ಲೆಕ್ಕ. ಎರಡು ದ್ವಿಬಂಧಗಳ 1,3-ಸೈಕ್ಲೋಹೆಕ್ಸಾಡೈಯೀನ್ ಸುಮಾರು 232 ಕಿಲೋಜೂಲ್ ಕೊಡುತ್ತದೆ. ಬೆಂಜೀನ್‌ಗೆ ಮೊದಲ ಹೈಡ್ರೋಜನ್ ಅಣು ಸೇರಿದರೆ ಆಗುವುದು ಇದೇ ಡೈಯೀನ್. ಇಡೀ ದಾರಿಗೆ 208, ಮೊದಲ ಮೆಟ್ಟಿಲು ಬಿಟ್ಟು ಉಳಿದ ದಾರಿಗೇ 232! ಅಂದರೆ ಮೊದಲ ಮೆಟ್ಟಿಲಿನಲ್ಲಿ ಶಾಖ ಬರುವುದಿಲ್ಲ, ನಾವೇ 24 ಕಿಲೋಜೂಲ್ ಕೊಡಬೇಕು. ಸಾಮಾನ್ಯ ದ್ವಿಬಂಧ ಹೀಗೆ ಎಂದೂ ವರ್ತಿಸದು.

ಕಾರಣವೇನು? ಪ್ರತಿ ಕಾರ್ಬನ್‌ನ ಒಂದು ಪಿ-ಕಕ್ಷಕ ಉಂಗುರದ ಸಮತಲಕ್ಕೆ ಲಂಬವಾಗಿ ನಿಲ್ಲುತ್ತದೆ. ಆರೂ ಅಕ್ಕಪಕ್ಕದವುಗಳೊಂದಿಗೆ ಬೆರೆತು, ಆರು ಎಲೆಕ್ಟ್ರಾನುಗಳು ಉಂಗುರದ ಮೇಲೂ ಕೆಳಗೂ ಹರಡಿಕೊಳ್ಳುತ್ತವೆ. ಇದನ್ನೇ ಡಿಲೋಕಲೈಸೇಶನ್ ಎನ್ನುವುದು. ದ್ವಿಬಂಧಗಳು ಜಾಗ ಬದಲಿಸುತ್ತಾ ಓಡಾಡುತ್ತವೆಂದು ಕೆಲವರು ತಿಳಿಯುತ್ತಾರೆ, ಹಾಗಲ್ಲ. ಆರು ಬಂಧಗಳೂ ಸದಾ ಒಂದೇ ಉದ್ದ, 139 ಪಿಕೋಮೀಟರ್. ಏಕಬಂಧ 154, ದ್ವಿಬಂಧ 134. ಇದು ಅವೆರಡರ ನಡುವೆ. ಮೊದಲ ಹೈಡ್ರೋಜನ್ ಸೇರಿದೊಡನೆ ಎರಡು ಕಾರ್ಬನ್‌ಗಳು ಈ ಒಕ್ಕೂಟ ಬಿಡುತ್ತವೆ, ಉಂಗುರದ ಹರಿವು ಕಡಿಯುತ್ತದೆ. ಆ ನಷ್ಟ ಹೊಸ ಬಂಧದ ಲಾಭಕ್ಕಿಂತ ದೊಡ್ಡದು.

ಬ್ರೋಮಿನ್ ನೀರಿನ ಪರೀಕ್ಷೆಯಲ್ಲೂ ಇದು ಕಾಣುತ್ತದೆ. ಸೈಕ್ಲೋಹೆಕ್ಸೀನ್ ಜತೆ ಕುಲುಕಿದರೆ ಬಣ್ಣ ಮಾಯವಾಗುತ್ತದೆ. ಬೆಂಜೀನ್ ಜತೆ ಕೆಳಗಿನ ನೀರು ತಿಳಿಯಾದರೂ ಬಣ್ಣ ಮೇಲಿನ ಬೆಂಜೀನ್ ಪದರಕ್ಕೆ ಏರಿ ಉಳಿಯುತ್ತದೆ. ನೀರನ್ನಷ್ಟೇ ನೋಡಿದವರು ಮೋಸಹೋಗುತ್ತಾರೆ. (ಬೆಂಜೀನ್ ಕ್ಯಾನ್ಸರ್ ತರುವ ವಸ್ತು, ಇದನ್ನು ನೀವು ಮಾಡಿ ನೋಡಬೇಡಿ.)

152 ಎಂಬ ಸಂಖ್ಯೆಯನ್ನು ಮಾತ್ರ ಕಲ್ಲಿನ ಮೇಲಿನ ಬರಹವೆಂದು ತಿಳಿಯಬೇಡಿ. ಅದು ಸೈಕ್ಲೋಹೆಕ್ಸೀನನ್ನು ಅಳತೆಗೋಲಾಗಿ ಹಿಡಿದಾಗ ಬರುವ ಲೆಕ್ಕ. ಅಳತೆಗೋಲು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಡೈಯೀನೇ 240ರ ಬದಲು 232 ಕೊಟ್ಟಿತಲ್ಲವೇ? ಆದರೆ ಆ 24 ಅಳೆದ ಎರಡು ಸಂಖ್ಯೆಗಳ ನೇರ ವ್ಯತ್ಯಾಸ. ಅದಕ್ಕೆ ಯಾವ ಅಳತೆಗೋಲೂ ಬೇಕಿಲ್ಲ.