ಗೆಣಸಲ್ಲದ ಗೆಡ್ಡೆ

ಕಾಡುಗೆಣಸನ್ನು ಅಗೆಯಹೊರಟ ಹೊಸಬರು ಅಗ್ನಿಶಿಖೆಯ ಗೆಡ್ಡೆಗೆ ಮೋಸಹೋಗುವುದುಂಟು. ಗೌರಿಹಬ್ಬದ ಹೊತ್ತಿಗೆ ಜ್ವಾಲೆಯಂತೆ ಅರಳುವ ಈ ಬಳ್ಳಿಯನ್ನು ನಮ್ಮಲ್ಲಿ ಗೌರಿಹೂವೆಂದೂ ಕರೆಯುತ್ತಾರೆ. ಹೂವಿದ್ದಾಗ ಗುರುತು ತಪ್ಪದು. ಹೂವಿಲ್ಲದಾಗ ಎಲೆಯನ್ನು ನೋಡಬೇಕು. ಅಗ್ನಿಶಿಖೆಯ ಮೇಲಿನ ನೀಳ ಎಲೆಗಳ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಕಾಡುಗೆಣಸಾದರೋ ಕಾಂಡದಿಂದಲೇ ಸುತ್ತಿ ಏರುತ್ತದೆ.

ಅಪಾಯ ಹೆಚ್ಚುವುದು ಬಳ್ಳಿ ಒಣಗಿ, ಗೆಡ್ಡೆಯೊಂದೇ ನೆಲದಲ್ಲಿ ಉಳಿದಾಗ. ಗೆಡ್ಡೆ ನೇಗಿಲಿನಂತೆ ಬಾಗಿರುವುದರಿಂದ ಸಂಸ್ಕೃತದಲ್ಲಿ ಇದಕ್ಕೆ ‘ಲಾಂಗಲಿ’ ಎಂದು ಹೆಸರು. ಆದರೆ ಮುರಿದ ತುಂಡಿನಲ್ಲಿ ಆ ಆಕಾರವೆಲ್ಲಿ? ಇದರಲ್ಲಿರುವ ಕಾಲ್ಚಿಸಿನ್ ವಿಷವು ಬೇಯಿಸಿದರೂ ಹೋಗದು. ತಿಂದ ಕೆಲವು ಗಂಟೆಗಳ ಮೇಲೆ ವಾಂತಿಭೇದಿ ತೊಡಗುತ್ತದೆ. ಅದು ನಿಂತಂತೆ ಕಂಡರೂ ಒಳಗೆ ಅಸ್ಥಿಮಜ್ಜೆ ಸೊರಗುತ್ತಿರಬಹುದು. ಶಂಕೆ ಬಂದೊಡನೆಯೇ, ವಾಂತಿಗೆ ಕಾಯದೆ, ಆಸ್ಪತ್ರೆಗೆ ಹೋಗಬೇಕು.

ಎಲೆಯುಳ್ಳ ಬಳ್ಳಿಯನ್ನು ಕಂಡು, ಅದನ್ನೇ ಹಿಡಿದು ಗೆಡ್ಡೆಯನ್ನು ಮುಟ್ಟಲಾಗದಿದ್ದರೆ, ಆ ಗೆಡ್ಡೆಯನ್ನು ನೆಲದಲ್ಲಿಯೇ ಬಿಡತಕ್ಕದ್ದು.