ಹಾಡು ಯಾರಿಗೆ ಹೇಳುತ್ತದೆ?

(ಸುವರ್ಣ ಮಹೋತ್ಸವದ ಸಾಹಿತ್ಯ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಮಾತು)



ಹಾಡು ಬರೆಯುವ ಮಕ್ಕಳಿಗೆ ಏನಾದರೂ ಹೇಳಿರಿ ಎಂದು ಕೇಳಿದ್ದೀರಿ. ನಾನು ಭಜನಿ ಮೇಳದವನು, ಪಂಡಿತನಲ್ಲ. ನಾನೇ ಮಾಡಿದ ಒಂದು ತಪ್ಪನ್ನು, ಅದನ್ನು ತಿದ್ದಿಕೊಂಡ ಬಗೆಯನ್ನು ಹೇಳುತ್ತೇನೆ.

ಶಾಲೆ ಬಿಟ್ಟು ಕೆಲವು ವರ್ಷಗಳಾದ ಮೇಲೆ ನಮ್ಮ ಅವ್ವನ ಮೇಲೆ ಒಂದು ಹಾಡು ಕಟ್ಟಿದೆ. ನಸುಕಿನಲ್ಲಿ ಎದ್ದು ಕೃಷ್ಣೆಗೆ ಇಳಿದು ನೀರು ತರುತ್ತಿದ್ದವಳು ಆಕೆ. ಪಲ್ಲವಿ ಹೀಗಿತ್ತು:

ಹೊಳಿಗೆ ಹೋಗೂಣು ಬಾರವ್ವ
ನೀರಿಗೆ ಹೋಗೂಣು ಬಾರವ್ವ

ಮೊದಲನೆಯ ನುಡಿ:

ಕೋಳಿ ಕೂಗುವ ಮೊದಲೆ ಏಳತಾಳ
ಕೊಡವ ಬೆಳಗಿ ಬಾಗಿಲಿಗೆ ಇಡತಾಳ

ಎರಡನೆಯದು:

ಮೆಟ್ಟಿಲು ಇಳಿದು ಕೊಡವನು ತುಂಬಿದಳು
ಕಲ್ಲಲಿ ಎಡವದೆ ಮೆಲ್ಲಗೆ ನಡೆದಳು

ಕೊನೆಯದು:

ತಮ್ಮಾ ಹಡೆದವ್ವನ ಮರೀಬ್ಯಾಡೊ
ಅವಳ ಹಂಗ ಯಾರೂ ಸಿಗಲಾರರೊ

ಪ್ರಾಸ ಕೂಡಿತ್ತು. ನುಡಿಗಳಲ್ಲಿ ಸಾಲಿಗೆ ಹದಿನಾರು ಮಾತ್ರೆ ಎಣಿಸಿ ಇಟ್ಟಿದ್ದೆ. ಮೇಳದಲ್ಲಿ ಹಾಡಿದಾಗ ಮಾತ್ರ ಹಾಡು ಯಾಕೋ ಜನರ ಎದೆಗೆ ಇಳಿಯಲಿಲ್ಲ. ಚೀಟಿ ತೆಗೆದುಕೊಂಡು ನಮ್ಮ ಕನ್ನಡ ಗುರುಗಳ ಮನೆಗೆ ಹೋದೆ. ಎರಡು ಸಲ ಓದಿಸಿ ಕೇಳಿದ ಅವರು, "ತಮ್ಮಾ, ಈ ಹಾಡ ಯಾರಿಗಿ ಹೇಳಾಕತ್ತೀ?" ಎಂದರು. "ಅವ್ವಗ್ರಿ" ಎಂದೆ. "ಹಂಗಾರ ಏಳತಾಳ ಅಂತ ಯಾರಿಗಿ ಅಂದಿ? ತಮ್ಮಾ ಅಂತ ಯಾರನ್ನ ಕರದಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಅವರು ಒಂದು ಕೆಲಸ ಹಚ್ಚಿದರು. ಹಾಡಿನಲ್ಲಿರುವ ಕ್ರಿಯಾಪದಗಳನ್ನೂ ಕರೆಯುವ ಮಾತುಗಳನ್ನೂ ಗೆರೆ ಎಳೆದು ಬೇರೆ ಹಾಳೆಗೆ ಇಳಿಸಬೇಕು. ಪ್ರತಿಯೊಂದರ ಮುಂದೆ ಎರಡು ಸಂಗತಿ ಬರೆಯಬೇಕು: ಯಾರು, ಯಾವಾಗ. ನಮ್ಮ ಭಾಷೆಯಲ್ಲಿ ನಾನು, ನೀನು, ಅವಳು ಎಂಬ ಮಾತನ್ನು ಎಷ್ಟೋ ಸಲ ಬಿಟ್ಟೇ ಬಿಡುತ್ತೇವೆ. ಆಗ ಯಾರು ಎಂಬುದೂ ಯಾವಾಗ ಎಂಬುದೂ ಕ್ರಿಯಾಪದದ ಬಾಲದಲ್ಲೇ ಇರುತ್ತವೆ. ಸಾಲಿನ ಕೊನೆಗೆ ಬರುವುದೂ ಅದೇ, ಪ್ರಾಸಕ್ಕೆ ಸಿಗುವುದೂ ಅದೇ. ಕಿವಿ ಪ್ರಾಸದ ಕಡೆಗೆ ಹೋದಾಗ ಅರ್ಥ ಜಾರಿದ್ದು ಗೊತ್ತಾಗುವುದಿಲ್ಲ.

ನನ್ನ ಹಾಳೆ ಹೀಗಾಯಿತು. ಬಾರವ್ವ: ಎದುರಿಗಿರುವವಳು, ಈಗ. ಏಳತಾಳ, ಇಡತಾಳ: ದೂರದವಳು, ದಿನಾಲೂ. ತುಂಬಿದಳು, ನಡೆದಳು: ದೂರದವಳು, ಎಂದೋ ಒಂದು ದಿನ. ಮರೀಬ್ಯಾಡೊ: ಬೇರೆ ಯಾರೋ ಹುಡುಗ, ಈಗ. ನಾಲ್ಕು ಕಡೆ ನಾಲ್ಕು ಮುಖ. ಪಲ್ಲವಿ ಒಂದೇ ಸಲ ಬರುವುದಿಲ್ಲ, ಪ್ರತಿ ನುಡಿಯ ಹಿಂದೆ ತಿರುಗಿ ಬರುತ್ತದೆ. "ಇಡತಾಳ" ಎಂದ ಕೂಡಲೆ "ಬಾರವ್ವ" ಎಂದರೆ, ಕೊಡ ಇಟ್ಟವಳು ಒಬ್ಬಳು, ಕರೆಸಿಕೊಳ್ಳುವವಳು ಇನ್ನೊಬ್ಬಳು ಎಂದು ಕೇಳುವವರಿಗೆ ಅನಿಸುತ್ತದೆ. ಪುಸ್ತಕ ಓದುವವನು ಪುಟ ಹಿಂದಕ್ಕೆ ತಿರುವಬಹುದು, ಹಾಡು ಕೇಳುವವನಿಗೆ ಆ ಅನುಕೂಲ ಇಲ್ಲ. ಅದಕ್ಕೇ ಗುರುಗಳು, ಪ್ರತಿ ನುಡಿಯ ಕೊನೆಯ ಸಾಲನ್ನು ಪಲ್ಲವಿಯ ಜೊತೆಗೆ ಹಚ್ಚಿ ಓದಿ ನೋಡು ಎಂದರು. ಹೊಲಿಗೆ ಬಿಟ್ಟ ಜಾಗ ಅಲ್ಲಿ ಕಾಣುತ್ತದೆ.

ಪಲ್ಲವಿ ಅವ್ವನನ್ನು ಕರೆಯುತ್ತದೆ, ಆದ್ದರಿಂದ ನುಡಿಗಳೂ ಅವ್ವನಿಗೇ ಹೇಳಬೇಕು ಎಂದು ತೀರ್ಮಾನಿಸಿದೆ. "ತುಂಬಿದಳು" ಇದ್ದಲ್ಲಿ "ತುಂಬಿದೆ", "ನಡೆದಳು" ಇದ್ದಲ್ಲಿ "ನಡೆದೆ" ಎಂದು ಬರೆದೆ. ಎರಡು ತೊಡಕು ಬಂದವು. ಒಂದು, ಸಾಲಿಗೆ ಒಂದೊಂದು ಮಾತ್ರೆ ಕಡಿಮೆ ಬಿತ್ತು. ಇನ್ನೊಂದು ಅದಕ್ಕಿಂತ ದೊಡ್ಡದು. ಪುಸ್ತಕದ ಕನ್ನಡದಲ್ಲಿ "ನಡೆದೆ" ಎಂದರೆ ನಾನು ನಡೆದದ್ದೂ ಆಗುತ್ತದೆ, ನೀನು ನಡೆದದ್ದೂ ಆಗುತ್ತದೆ. ಕೊಡ ಹೊತ್ತವಳು ಅವ್ವನೋ, ಹಾಡುವ ನಾನೋ?

ದಾರಿ ನಮ್ಮ ಊರ ಮಾತಿನಲ್ಲೇ ಇತ್ತು. ನಾವು "ನಾ ಬಂದೆ" ಅಂತೀವಿ, "ನೀ ಬಂದಿ" ಅಂತೀವಿ. ಎರಡೂ ಬೇರೆ ಬೇರೆ ಕೇಳುತ್ತವೆ. ಮೊದಲನೆಯ ನುಡಿ ಆಗಲೇ ಈ ಮಾತಿನಲ್ಲಿತ್ತು, ಎರಡನೆಯದು ಮಾತ್ರ ಪುಸ್ತಕದ ಮಾತಿಗೆ ಜಾರಿತ್ತು. ಕಾಲ ತಪ್ಪಿದ ಜಾಗದಲ್ಲೇ ಮಾತಿನ ಧಾಟಿಯೂ ತಪ್ಪಿತ್ತು.

ಆಗ ಗುರುಗಳು ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿದರು. "ಮೊದಲನೇ ನುಡಿ ಯಾವಾಗ ಬರದಿ, ಎರಡನೇದು ಯಾವಾಗ?" ಮೊದಲನೆಯದನ್ನು ಬರೆದಾಗ ಅವ್ವ ಇದ್ದಳು. ಎರಡನೆಯದನ್ನು ಬರೆಯುವ ಹೊತ್ತಿಗೆ ಹೋಗಿ ಎಂಟು ತಿಂಗಳಾಗಿತ್ತು. "ಏಳತಾಳ" ಎಂಬುದನ್ನು ಅಳಿಸಲು ನನಗೆ ಮನಸ್ಸು ಬಂದಿರಲಿಲ್ಲ. ಹಾಗೇ ಬಿಟ್ಟು ಮುಂದೆ ಹೋಗಿದ್ದೆ. ಗುರುಗಳು ಏನೂ ಅನ್ನಲಿಲ್ಲ, ಚಹಾ ತರಿಸಿದರು. ಆ ರಾತ್ರಿ ಮನೆಗೆ ಬಂದು ತಿದ್ದಿದೆ:

ಕೋಳಿ ಕೂಗುವ ಮೊದಲೆ ಏಳತಿದ್ದಿ
ಕೊಡವ ಬೆಳಗಿ ಬಾಗಿಲಿಗೆ ಇಡತಿದ್ದಿ

ಮೆಟ್ಟಿಲು ಇಳಿದು ಕೊಡವ ತುಂಬತಿದ್ದಿ
ಕಲ್ಲಲಿ ಎಡವದೆ ಮೆಲ್ಲ ನಡಿತಿದ್ದಿ

"ಏಳತಾಳ", "ಏಳತಿದ್ದಿ" ಎರಡಕ್ಕೂ ಆರೇ ಮಾತ್ರೆ. ಮೊದಲನೆಯ ನುಡಿಯಲ್ಲಿ ಬೇರೇನೂ ಮುಟ್ಟಬೇಕಾಗಲಿಲ್ಲ. ಎರಡನೆಯದರಲ್ಲಿ ಕ್ರಿಯಾಪದಗಳು ಒಂದೊಂದು ಮಾತ್ರೆ ಬೆಳೆದವು. ಅದಕ್ಕೆ "ಕೊಡವನು" ಹೋಗಿ "ಕೊಡವ" ಆಯಿತು, "ಮೆಲ್ಲಗೆ" ಹೋಗಿ "ಮೆಲ್ಲ" ಆಯಿತು. ಬಾಲ ತಿದ್ದಿದರೆ ಹಿಂದಿನ ಪದವನ್ನೂ ತೂಗಬೇಕು.

"ತಮ್ಮಾ" ಎಂಬ ನುಡಿಯನ್ನು ಪೂರಾ ತೆಗೆದೆ. ಬುದ್ಧಿ ಹೇಳುವ ಆ ನುಡಿ ಬೇರೆ ಹಾಡಿನದು. ಅದರ ಜಾಗದಲ್ಲಿ ಇದು ಬಂತು:

ಈಗ ಕೊಡ ಐತಿ ಬಾಗಿಲ ಮೂಲಿಗೆ
ಯಾರೂ ಇಲ್ಲವ್ವ ನೀರ ಹಾದಿಗೆ

ಇಲ್ಲಿಯೂ ಕಾಲ ಬದಲಾಗಿದೆ, ನೋಡಿರಿ. ಹಿಂದೆ ಇದ್ದದ್ದು ಈಗಿನದಾಯಿತು. ಆದರೆ ಸಾಲಿನ ಬಾಗಿಲಲ್ಲೇ "ಈಗ" ಎಂಬ ಮಾತು ನಿಂತಿದೆ, ಹೇಳಿಸಿಕೊಳ್ಳುವವಳು ಅದೇ ಅವ್ವ. ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ಕೇಳುವವರು ದಾರಿ ತಪ್ಪುತ್ತಿದ್ದರು. ಇದರ ಹಿಂದೆ ಪಲ್ಲವಿ ತಿರುಗಿ ಬಂದಾಗ ಅದರ ಒಂದು ಅಕ್ಷರವನ್ನೂ ನಾನು ಮುಟ್ಟಿರಲಿಲ್ಲ. ಆದರೂ "ಬಾರವ್ವ" ಎಂಬುದು ಬರಲಾರದವಳನ್ನು ಕರೆಯುವ ಮಾತಾಗಿತ್ತು.

ಹಾಗಾದರೆ ನಡುವೆ ಮುಖ ತಿರುಗಿಸುವುದೇ ತಪ್ಪೇ ಎಂದು ನೀವು ಕೇಳಬಹುದು. ಅಲ್ಲ. ನಮ್ಮ ಹೊಳೆ ಮುಂದೆ ಹೋಗಿ ಮಲಪ್ರಭೆಯನ್ನು ಕೂಡುವ ಕೂಡಲಸಂಗಮದ ಹೆಸರು ಬಸವಣ್ಣನವರ ಅಂಕಿತದಲ್ಲಿದೆ. ಎಷ್ಟೋ ವಚನಗಳು ಲೋಕದ ಮಾತು ಆಡುತ್ತಾ ಹೋಗಿ ಕೊನೆಗೆ ದೇವರ ಕಡೆಗೆ ತಿರುಗುತ್ತವೆ. ಅಲ್ಲಿ ಯಾರಿಗೂ ಗೊಂದಲ ಆಗುವುದಿಲ್ಲ. ತಿರುಗುವ ಜಾಗ ಗೊತ್ತಿದೆ, ಹೆಸರು ಹಿಡಿದು ಕರೆದದ್ದೂ ಇದೆ. ನಮ್ಮ ಭಾಗದ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತರು ಕಥೆ ಹೇಳುತ್ತಾರೆ, ಮರುಕ್ಷಣ ಸತ್ಯಭಾಮೆ ಕೃಷ್ಣನಿಗೇ ನೇರ ಹಾಡುತ್ತಾಳೆ. ಅಲ್ಲಿ ಹಾಡುವವರು ಬದಲಾದದ್ದು ಕಣ್ಣಿಗೆ ಕಾಣುತ್ತದೆ. ಒಬ್ಬನೇ ಕೂತು ಹಾಡುವ ಪದಕ್ಕೆ ವೇಷವಿಲ್ಲ, ರಂಗವಿಲ್ಲ. ತಿರುಗಬೇಕಾದರೆ ಒಂದು ಹೆಸರೋ, "ಈಗ", "ಅಂದು" ಎಂಬ ಮಾತೋ ಬೇಕು.

ಮಕ್ಕಳೆ, ನಿಮ್ಮ ಹಾಡಿನಲ್ಲಿ ಬಾಲ ಬದಲಾದ ಜಾಗ ಸಿಕ್ಕರೆ ಕೂಡಲೆ ಅಳಿಸಬೇಡಿರಿ. ಪ್ರಾಸಕ್ಕಾಗಿ ಜಾರಿದ್ದರೆ ತಿದ್ದಿರಿ. ಪ್ರಾಸಕ್ಕಲ್ಲ ಎಂದಾದರೆ, ಆ ಎರಡು ಸಾಲುಗಳ ನಡುವೆ ಏನಾಯಿತು ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ನನ್ನ ಎರಡು ನುಡಿಗಳ ನಡುವೆ ಎಂಟು ತಿಂಗಳು ಇದ್ದವು. ಅವನ್ನು ಹಾಡಿಗೆ ಹೇಳದೆ ಮುಚ್ಚಿಟ್ಟಿದ್ದೆ.

ಆ ಗುರುಗಳು ಇಂದು ನಮ್ಮೊಂದಿಗಿಲ್ಲ. ಅವರು ಗೆರೆ ಎಳೆದ ಆ ಹಾಳೆ ನನ್ನ ಭಜನಿ ಪುಸ್ತಕದಲ್ಲಿದೆ.