ಕೋಡಿ ಎಲ್ಲಿಗೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ಎರಡು ಮಾತಾಡು ಅಂತ ಮೇಷ್ಟ್ರು ಹೇಳಿದ್ದಾರೆ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದ ಕಥೆ ಇಲ್ಲಿ ಬೇಡ. ನಮ್ಮ ತೋಟದ ಕೃಷಿ ಹೊಂಡ ಹೇಗೆ ಕೆಟ್ಟಿತು, ಹೇಗೆ ಸರಿಹೋಯಿತು ಅನ್ನುವುದನ್ನಷ್ಟೇ ಹೇಳುತ್ತೇನೆ.

2016ರ ಬರ ನಿಮಗೆಲ್ಲ ನೆನಪಿದೆ. ನಮ್ಮ ಏರು ಜಮೀನಿನಲ್ಲಿ ತೆಂಗಿನ ಗರಿ ಜೋತುಬಿದ್ದು, ಸುಳಿ ಒಣಗಿ, ಅಜ್ಜ ನೆಟ್ಟ ಹದಿನೇಳು ಮರ ಹೋದವು. ಅಪ್ಪ ಸಾಲ ಮಾಡಿ ಕೊರೆಸಿದ ಎರಡು ಕೊಳವೆಬಾವಿಯಲ್ಲಿ ಬರೀ ಧೂಳು ಬಂತು. ಏತ ನೀರಾವರಿಯ ನೀರು ಕೆರೆ ತುಂಬಿಸಿದರೂ ಏರಿನ ಮೇಲಿನ ತೋಟಕ್ಕೆ ಅದು ತಾನಾಗಿ ಹತ್ತುವುದಿಲ್ಲ. ಅಲ್ಲಿಗೆ ಬರುವುದು ಮಳೆ ಮಾತ್ರ.

ಮುಂದಿನ ಬೇಸಿಗೆಯಲ್ಲಿ ಹೊಂಡ ತೋಡಿಸಿದೆವು. ಎಲ್ಲಿ? ಜೆಸಿಬಿ ಸುಲಭವಾಗಿ ತಿರುಗುವ ಮೂಲೆಯಲ್ಲಿ. ಅದೇ ಮೊದಲ ತಪ್ಪು. ನೀರು ಹರಿಯುವ ಜಾಡು ಅಲ್ಲಿರಲಿಲ್ಲ. ಕಾಲುವೆ ಎಳೆದು ನೀರು ತಿರುಗಿಸಿದೆವು, ಆದರೆ ಹೆಚ್ಚಾದ ನೀರು ಹೊರಗೆ ಹೋಗಲು ಕೋಡಿ ಬಿಡಲಿಲ್ಲ. ಅದು ಎರಡನೆಯ ತಪ್ಪು. ಒಂದು ರಾತ್ರಿ ಜೋರು ಮಳೆಗೆ ಬದು ಒಡೆದು, ಕೆಳಗಿದ್ದ ದೊಡ್ಡಪ್ಪನವರ ತೋಟದಲ್ಲಿ ಹೊಸದಾಗಿ ನೆಟ್ಟಿದ್ದ ತೆಂಗಿನ ಸಸಿಗಳ ಮೇಲೆ ಮಣ್ಣು ಕೂತಿತು. ಎರಡು ಮನೆಗೂ ಆರು ತಿಂಗಳು ಮಾತಿಲ್ಲ.

ಆಗ ನಮ್ಮ ಪಕ್ಕದ ಅರಸೀಕೆರೆ ತಾಲ್ಲೂಕಿನ ಆದಿಹಳ್ಳಿ, ಮೈಲನಹಳ್ಳಿ ಕಡೆಗೆ ಹೋಗಿಬಂದೆ. ಬೈಫ್ ಸಂಸ್ಥೆಯ ನೆರವಿನಿಂದ ಅಲ್ಲಿನ ರೈತರು ಹೊಂಡಗಳನ್ನು ಒಂದಕ್ಕೊಂದು ಜೋಡಿಸಿದ್ದಾರೆ. ಮೇಲಿನವರ ಹೊಂಡ ತುಂಬಿದರೆ ಅದರ ಕೋಡಿ ಕಾಲುವೆಯಲ್ಲಿ ಹರಿದು ಕೆಳಗಿನವರ ಹೊಂಡಕ್ಕೆ ಹೋಗುತ್ತದೆ. ಇದರ ಗುಟ್ಟು ಗುಂಡಿಯಲ್ಲಿಲ್ಲ, ಕೋಡಿಯಲ್ಲಿದೆ ಅಂತ ಅಲ್ಲಿ ತಿಳಿಯಿತು.

ವಾಪಸ್ಸು ಬಂದು, ಮುಂದಿನ ಮಳೆಯಲ್ಲಿ ಅಪ್ಪ ನಾನು ಛತ್ರಿ ಹಿಡಿದು ತೋಟ ಸುತ್ತಿದೆವು. ನೀರು ಕಸಕಡ್ಡಿ ತಂದು ನಿಲ್ಲಿಸಿದ ಕಡೆಯೆಲ್ಲ ಗೂಟ ಹೊಡೆದೆವು. ಗಾರೆಯವರು ಬಳಸುವ ನೀರಿನ ಪೈಪಿನಿಂದ ಮಟ್ಟ ನೋಡಿ, ನೂರು ಅಡಿಗೆ ನಾಲ್ಕು ಅಂಗುಲದಷ್ಟೇ ಇಳಿಯುವ ಹಾಗೆ ಕಾಲುವೆ ತೆಗೆದೆವು. ಇಳಿಜಾರು ಇನ್ನೂ ಹೆಚ್ಚಾದರೆ ಕಾಲುವೆಯೇ ಕೊರೆದುಹೋಗುತ್ತದೆ. ಹೊಸ ಹೊಂಡದ ಬಾಯಿಗೆ ಮೊದಲು ಒಂದು ಹೂಳು ಗುಂಡಿ ಮಾಡಿದೆವು. ಕೆಂಪು ನೀರು ಅಲ್ಲಿ ನಿಧಾನಿಸಿ, ಗೋಡನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋಗುತ್ತದೆ. ಬದುವಿನ ತಲೆಗಿಂತ ಒಂದೂವರೆ ಅಡಿ ಕೆಳಗೆ ಕಲ್ಲು ಹಾಸಿ ಕೋಡಿ ಬಿಟ್ಟೆವು.

ಆದರೆ ಕೋಡಿ ಎಲ್ಲಿಗೆ? ದೊಡ್ಡಪ್ಪನವರ ಜಮೀನಿಗೇ. ಅಪ್ಪ ಅವರ ಮನೆಗೆ ಹೋಗಿ, "ಅಣ್ಣಯ್ಯ, ನೀರು ನಿನ್ನ ಕಡೆಗೇ ಬರೋದು, ಎಲ್ಲಿ ಬಿಡಲಿ ನೀನೇ ಹೇಳು" ಅಂದರು. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಕೇಳಿದ್ರೆ ಆಗ್ತಿತ್ತಲ್ಲೋ" ಅಂದರು. ಈಗ ಅವರದೂ ಒಂದು ಹೊಂಡ ಇದೆ, ಅದರ ಕೋಡಿ ಹಳ್ಳಕ್ಕೆ ಹೋಗುತ್ತದೆ.

ಇನ್ನು ಲೆಕ್ಕ. ಮೇಲೆ ಮೂವತ್ತು ಅಡಿ ಚೌಕ, ತಳದಲ್ಲಿ ಹತ್ತು ಅಡಿ ಚೌಕ, ಹತ್ತು ಅಡಿ ಆಳದ ಹೊಂಡ ಹಿಡಿಯುವುದು ಸುಮಾರು 1 ಲಕ್ಷ 20 ಸಾವಿರ ಲೀಟರ್. ಎರಡು ಎಕರೆ ಮೇಲೆ 30 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ಐದನೇ ಒಂದು ಪಾಲು ಹರಿದರೆ 48 ಸಾವಿರ ಲೀಟರ್ ಬರುತ್ತದೆ. ಅಂದರೆ ಅಂಥ ಎರಡು ಮೂರು ಮಳೆಗೆ ಹೊಂಡ ತುಂಬುತ್ತದೆ. ಬೇಸಿಗೆಯಲ್ಲಿ ಐವತ್ತು ಮರಕ್ಕೆ ದಿನಕ್ಕೆ ಅರವತ್ತು ಲೀಟರಿನಂತೆ ಹನಿ ನೀರು ಕೊಟ್ಟರೆ, ಒಂದು ಹನಿಯೂ ಇಂಗದೆ ಆರದೆ ಉಳಿದರೂ, ಆ ನೀರು ನಲವತ್ತೇ ದಿನಕ್ಕೆ ಮುಗಿಯುತ್ತದೆ. ಆದ್ದರಿಂದ ಹೊಂಡ ಇದೆ ಅಂತ ಹೊಸ ತೋಟ ಎಬ್ಬಿಸಬೇಡಿ.

ನಮ್ಮದು ಪ್ಲಾಸ್ಟಿಕ್ ಹಾಸದ ಹೊಂಡ. ಕೆಲವೇ ದಿನದಲ್ಲಿ ಇಂಗುತ್ತದೆ. ನೀರು ನಿಲ್ಲಲಿಲ್ಲ ಅಂತ ಅಪ್ಪ ಬೇಜಾರಾಗಿದ್ದರು. ಆದರೆ ಸುತ್ತಲಿನ ಮರಗಳ ಬುಡದಲ್ಲಿ ಗುದ್ದಲಿ ಹಾಕಿದರೆ ಮಳೆ ನಿಂತ ಮೇಲೂ ಬಹಳ ದಿನ ತೇವ ಸಿಗುತ್ತದೆ. ನೀರು ಕೂಡಿಡಬೇಕಾದರೆ ಪ್ಲಾಸ್ಟಿಕ್ ಬೇಕು. ಇಂಗಿಸಬೇಕಾದರೆ ಬೇಡ. ಯಾವುದು ಬೇಕು ಅನ್ನುವುದು ತೋಡುವ ಮೊದಲೇ ತೀರ್ಮಾನವಾಗಬೇಕು. ಹೂಳು ಗುಂಡಿಯನ್ನು ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಎತ್ತಲೇಬೇಕು. ಒಂದು ವರ್ಷ ಬಿಟ್ಟದ್ದಕ್ಕೆ ಹೊಂಡದ ತಳದಲ್ಲಿ ಒಂದು ಅಡಿ ಗೋಡು ಕೂತಿತ್ತು.

ಮೇಲೆಲ್ಲ ಹೊಂಡ ತೋಡಿದರೆ ಕೆರೆಗೆ ನೀರು ಬರುತ್ತದೆಯೇ ಅಂತ ಹಿರಿಯರೊಬ್ಬರು ನನ್ನನ್ನು ಕೇಳಿದರು. ಅವರ ಮಾತು ನ್ಯಾಯವಾದದ್ದು. ಮಳೆ ಕಮ್ಮಿಯಾದ ವರ್ಷ ಕೆರೆಯ ಪಾಲು ಕಮ್ಮಿಯಾಗುತ್ತದೆ. ಅದಕ್ಕೇ ಹೊಂಡಗಳು ಚಿಕ್ಕವಿರಬೇಕು, ಕೊನೆಯ ಕೋಡಿ ಹಳ್ಳ ಸೇರಲೇಬೇಕು, ಹಳ್ಳದ ದಾರಿಯನ್ನು ಯಾರೂ ಮುಚ್ಚಬಾರದು. ಇದನ್ನು ಒಂದೊಂದು ಮನೆಯವರು ಬೇರೆ ಬೇರೆಯಾಗಿ ತೀರ್ಮಾನಿಸಲು ಆಗುವುದಿಲ್ಲ. ಒಂದು ಹಳ್ಳಕ್ಕೆ ನೀರು ಬಸಿಯುವ ಜಮೀನಿನವರೆಲ್ಲ ಒಟ್ಟಿಗೆ ಕೂರಬೇಕು. ಜಲಾನಯನ ಅಂದರೆ ಇಷ್ಟೇ.

ನೀವು ಹೊಂಡ ತೋಡಿಸುವುದಾದರೆ ಜೆಸಿಬಿಯವರಿಗೆ ಫೋನ್ ಮಾಡುವ ಮೊದಲು ಕೆಳಗಿನ ಜಮೀನಿನವರ ಮನೆಗೆ ಒಮ್ಮೆ ಹೋಗಿಬನ್ನಿ. ನಾವು ಆರು ತಿಂಗಳು ತಡವಾಗಿ ಹೋದೆವು.